ಜಪಾನಿನ ಪೆಟ್ರೋಲ್ ಬಂಕ್‌ನ ಪರದೆ: ಫೋಟೊದಿಂದ ಹಂತಗಳಿಗೆ

ಜಪಾನಿಗೆ ಹೋದ ನಮ್ಮವರಲ್ಲಿ ಈಗ ಬಾಡಿಗೆ ಕಾರು ತಗೊಂಡು ತಾವೇ ಓಡಿಸುವವರು ಸಾಕಷ್ಟು ಜನ ಇದ್ದಾರೆ. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಹೋಗಬೇಕು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಲೈಸೆನ್ಸ್ ಕೂಡ ನಡೆಯುತ್ತದೆ. ಕಷ್ಟ ಶುರುವಾಗುವುದು ಕಾರು ವಾಪಸ್ ಕೊಡುವ ದಿನ. ಟ್ಯಾಂಕ್ ತುಂಬಿಸಿಯೇ ಕೊಡಬೇಕು ಎನ್ನುವುದು ಅಲ್ಲಿನ ಬಾಡಿಗೆ ಕಂಪನಿಗಳ ಸಾಮಾನ್ಯ ನಿಯಮ. ಬಂಕ್‌ಗೆ ಹೋದರೆ ಅದು ಸೆಲ್ಫ್ ಸರ್ವಿಸ್, ಎದುರಿಗೆ ಇಡೀ ಜಪಾನಿ ಅಕ್ಷರ ತುಂಬಿದ ಟಚ್ ಸ್ಕ್ರೀನ್. ಆಗ ಎಲ್ಲರೂ ಮಾಡುವುದು ಒಂದೇ: ಫೋನ್ ತೆಗೆದು ಫೋಟೊ ಹೊಡೆಯುವುದು.

ಅನುವಾದದ ಆ್ಯಪ್ ಪ್ರತಿ ಚೌಕದ ಮೇಲೂ ಒಂದೊಂದು ಅರ್ಥ ಅಂಟಿಸುತ್ತದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಅದು ಹೇಳುವುದಿಲ್ಲ. ಯಾವುದು ನಾವು ಮಾಡಬೇಕಾದ ಕೆಲಸ, ಯಾವುದು ಯಂತ್ರ ಕೊಡುತ್ತಿರುವ ಸುದ್ದಿ, ಯಾವುದು ಎಚ್ಚರಿಕೆ, ಎಲ್ಲವೂ ಒಂದೇ ಸಾಲಿನಲ್ಲಿ ಕಲಸಿಹೋಗುತ್ತವೆ. ಪೆಟ್ರೋಲ್ ವಿಷಯದಲ್ಲಿ ಈ ಕ್ರಮ ತಪ್ಪಬಾರದು. ಅದರ ಹಿಂದೆ ಭೌತವಿಜ್ಞಾನ ಇದೆ.

ಮೊದಲು ಫೋಟೊ ಓದುವ ಒಂದು ಸುಲಭ ದಾರಿ ಹೇಳುತ್ತೇನೆ. ಜಪಾನಿ ಭಾಷೆಯಲ್ಲೂ ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಸಾಲಿನ ಬಾಲ ನೋಡಿದರೆ ಸಾಕು, ಅದು ಯಾವ ಜಾತಿಯ ಮಾತು ಅಂತ ಗೊತ್ತಾಗುತ್ತದೆ. ಕೊನೆಯಲ್ಲಿ `ください` ಇದ್ದರೆ ‘ದಯವಿಟ್ಟು ಮಾಡಿ’ ಎಂದು, ಅಂದರೆ ಅದು ನಮ್ಮ ಕೆಲಸ. `中` ಇದ್ದರೆ ಏನೋ ನಡೆಯುತ್ತಿದೆ, ನಾವು ಸುಮ್ನೆ ಕಾಯಬೇಕು. `完了` ಅಥವಾ `ました` ಇದ್ದರೆ ಆ ಹಂತ ಮುಗಿದಿದೆ. `禁止` ಅಥವಾ `厳禁` ಇದ್ದರೆ, ಇಲ್ಲವೇ `ください` ಹಿಂದೆಯೇ `ないで` ಅಂಟಿಕೊಂಡು `ないでください` ಅಂತ ಇದ್ದರೆ ಮಾಡಲೇಬಾರದು. ಬಾಲವೇ ಇಲ್ಲದೆ ಬರೀ ಹೆಸರು ಇದ್ದರೆ ಅದು ಹೆಚ್ಚಾಗಿ ಒತ್ತುವ ಬಟನ್. ಈ ಗುಂಪು ಮಾಡಿಕೊಂಡ ಮೇಲೆ `ください` ಇರುವ ಸಾಲುಗಳನ್ನಷ್ಟೇ ಪರದೆ ಬಂದ ಕ್ರಮದಲ್ಲಿ ಬರೆದುಕೊಳ್ಳಬೇಕು. ಅದಕ್ಕೇ ಪರದೆ ಬದಲಾದ ಹಾಗೆಲ್ಲ ಬೇರೆ ಬೇರೆ ಫೋಟೊ ತೆಗೆಯುವುದು ಒಳ್ಳೆಯದು.

ಇನ್ನು ಇಂಧನ ಆರಿಸುವ ಪರದೆ. ಅಲ್ಲಿ ಸಾಮಾನ್ಯವಾಗಿ ಮೂರು ಬಟನ್ ಇರುತ್ತವೆ. ಕೆಂಪು ಬಣ್ಣದ `レギュラー` ಸಾಧಾರಣ ಪೆಟ್ರೋಲ್. ಹಳದಿಯ `ハイオク` ಹೆಚ್ಚು ಆಕ್ಟೇನ್ ಇರುವ ದುಬಾರಿ ಪೆಟ್ರೋಲ್. ಹಸಿರಿನ `軽油` ಡೀಸೆಲ್. ಎಡವುವುದು ಈ ಮೂರನೆಯದರಲ್ಲಿ. ಆ್ಯಪ್ ಇದನ್ನು ಅಕ್ಷರಕ್ಕೆ ಅಕ್ಷರ ಇಳಿಸಿ ‘ಹಗುರ ಎಣ್ಣೆ’ ಅನ್ನುತ್ತದೆ. ಬಾಡಿಗೆಗೆ ತಂದಿರುವುದು ಜಪಾನಿನ ಪುಟ್ಟ ‘ಕೇ’ ಕಾರು. ಆ ಕೇ ಅನ್ನುವ ಅಕ್ಷರವೂ ಇದೇ `軽`. ಪುಟ್ಟ ಕಾರಿಗೆ ಹಗುರ ಎಣ್ಣೆ, ಸರಿಯಾಗಿಯೇ ಇದೆ ಅಂತ ಅನ್ನಿಸುತ್ತದೆ ಅಲ್ವಾ? ಆದರೆ ಕೇ ಕಾರುಗಳು ಓಡುವುದು ಸಾಧಾರಣ ಪೆಟ್ರೋಲ್‌ನಲ್ಲಿ. ಜಪಾನಿನವರೇ ಹೀಗೆ ಮೋಸ ಹೋಗುತ್ತಾರೆ. ಅಲ್ಲಿನ ವಾಹನ ಸವಾರರ ಸಂಸ್ಥೆ ಜೆಎಎಫ್ ಈ ಬಗ್ಗೆ ಎಚ್ಚರಿಸುತ್ತಲೇ ಇರುತ್ತದೆ.

ಬಣ್ಣವನ್ನು ನಂಬಬಹುದಾ? ಜಪಾನಿನೊಳಗೆ ನಂಬಬಹುದು. ಸೆಲ್ಫ್ ಬಂಕ್‌ಗಳಲ್ಲಿ ಈ ಮೂರು ಬಣ್ಣಗಳನ್ನು ಅಲ್ಲಿನ ಅಗ್ನಿಸುರಕ್ಷೆಯ ನಿಯಮವೇ ಗೊತ್ತುಮಾಡಿದೆ. ಬೇರೆ ದೇಶಕ್ಕೆ ಇದನ್ನು ಹೊತ್ತುಕೊಂಡು ಹೋಗಬೇಡಿ. ಬ್ರಿಟನ್ನಿನಲ್ಲಿ ಹಸಿರು ಪೆಟ್ರೋಲ್‌ಗೆ, ಕಪ್ಪು ಡೀಸೆಲ್‌ಗೆ. ಇನ್ನೂ ಗಟ್ಟಿ ಸಾಕ್ಷಿ ಬೇಕಿದ್ದರೆ ಬಾಡಿಗೆ ಕಾಗದದಲ್ಲೋ ಟ್ಯಾಂಕ್ ಮುಚ್ಚಳದ ಒಳಬದಿಯಲ್ಲೋ ಇಂಧನದ ಹೆಸರು ಇರುತ್ತದೆ. ಆ ಅಕ್ಷರಗಳ ಆಕಾರವನ್ನೇ ಪರದೆಯ ಬಟನ್ ಜೊತೆ ತಾಳೆ ನೋಡಿ. ಅರ್ಥ ಗೊತ್ತಾಗಬೇಕಾಗಿಯೇ ಇಲ್ಲ. ಅಕಸ್ಮಾತ್ ತಪ್ಪು ಇಂಧನ ತುಂಬಿದ್ದು ಗೊತ್ತಾದರೆ ಕಾರು ಸ್ಟಾರ್ಟ್ ಮಾಡಲೇಬೇಡಿ. ಟ್ಯಾಂಕ್‌ನಲ್ಲಿ ಇರುವವರೆಗೆ ಅದನ್ನು ಖಾಲಿ ಮಾಡಿಸಿದರೆ ಮುಗಿಯಿತು. ಸ್ಟಾರ್ಟ್ ಮಾಡಿದರೆ ಅದು ಪಂಪು, ಪೈಪು, ಇಂಜೆಕ್ಟರ್‌ಗಳಿಗೆಲ್ಲ ಹರಡುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಸಾಲು. ಪರದೆಯಲ್ಲೋ ಪಂಪಿನ ಮೈಮೇಲೋ `静電気除去シート` ಅಂತ ಬರೆದಿರುತ್ತದೆ. ಪಕ್ಕದಲ್ಲಿ ಅಂಗೈ ಅಗಲದ ಒಂದು ಕಪ್ಪು ಪಟ್ಟಿ. ಮೈಯಲ್ಲಿ ಸೇರಿದ ಸ್ಥಾಯೀ ವಿದ್ಯುತ್ತನ್ನು ಇಳಿಸುವ ಪಟ್ಟಿ ಅದು. ‘ದಯವಿಟ್ಟು ಮುಟ್ಟಿ’ ಎಂದಿರುತ್ತದೆ. ಇದೇನೋ ಉಪಚಾರಕ್ಕೆ ಬರೆದದ್ದು ಅಂತ ದಾಟಿ ಹೋಗುವವರೇ ಜಾಸ್ತಿ.

ಕಾರಿನ ಸೀಟಿನಿಂದ ಏಳುವಾಗ ಬಟ್ಟೆ ಸೀಟಿಗೆ ಉಜ್ಜುತ್ತದೆ. ಎದ್ದು ಬೇರೆಯಾದಾಗ ಮೈಯಲ್ಲಿ ಚಾರ್ಜ್ ಉಳಿಯುತ್ತದೆ. ರಬ್ಬರ್ ಅಡಿಯ ಶೂ ಅದನ್ನು ನೆಲಕ್ಕೆ ಇಳಿಯಲು ಬಿಡುವುದಿಲ್ಲ. ಚಳಿಗಾಲದ ಒಣ ಗಾಳಿಯಲ್ಲಿ, ದಪ್ಪ ಸಿಂಥೆಟಿಕ್ ಜಾಕೆಟ್ ಹಾಕಿದ್ದರೆ ಇದು ಇನ್ನೂ ಹೆಚ್ಚು. ಬಾಗಿಲು ಮುಟ್ಟಿದಾಗ ‘ಚಟ್’ ಅಂತ ಹೊಡೆಯುತ್ತದಲ್ಲ, ಅದು ನಮಗೆ ಗೊತ್ತಾಗಬೇಕಾದರೇ ಸುಮಾರು 3,000 ವೋಲ್ಟ್ ಇರಬೇಕು. ಮನುಷ್ಯನ ದೇಹ ಸುಮಾರು 100 ಪಿಕೋಫ್ಯಾರಡ್‌ನ ಕೆಪಾಸಿಟರ್ ಹಾಗೆ ವರ್ತಿಸುತ್ತದೆ. ಲೆಕ್ಕ ಹಾಕಿದರೆ ಆ ಕಿಡಿಯಲ್ಲಿ ಇರುವ ಶಕ್ತಿ ಸುಮಾರು 0.45 ಮಿಲಿಜೂಲ್. ತೀರಾ ಕಡಿಮೆ ಅನ್ನಿಸಬಹುದು. ಆದರೆ ಪೆಟ್ರೋಲ್ ಆವಿ ಗಾಳಿಯ ಜೊತೆ ಸರಿಯಾದ ಪ್ರಮಾಣದಲ್ಲಿ ಬೆರೆತಿದ್ದರೆ ಹೊತ್ತಿಕೊಳ್ಳಲು ಸುಮಾರು 0.2 ಮಿಲಿಜೂಲ್ ಸಾಕು. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿಯಲ್ಲೇ ಹೊತ್ತುವಷ್ಟು ಆವಿ ಬಿಡುತ್ತದೆ. ಹಾಗಾಗಿ ಹೊಕ್ಕೈದೊದ ಹಿಮದಲ್ಲಿ ನಿಂತರೂ ಅಪಾಯ ಕಡಿಮೆ ಆಗುವುದಿಲ್ಲ.

ಆ ಆವಿ ಹೊರಗೆ ಬರುವುದು ಟ್ಯಾಂಕ್‌ನ ಕ್ಯಾಪ್ ತಿರುಗಿಸಿದ ಕ್ಷಣ. ಆದ್ದರಿಂದ ಪಟ್ಟಿ ಮುಟ್ಟುವುದು ಕ್ಯಾಪ್ ತೆಗೆಯುವ ಮೊದಲೇ ಆಗಬೇಕು. ಕ್ಯಾಪ್ ತೆಗೆದು ಆಮೇಲೆ ನೆನಪಾಗಿ ಮುಟ್ಟುವ ಹೊತ್ತಿಗೆ ತಡವಾಗಿರಬಹುದು. ಒಂದು ಸಲ ಮುಟ್ಟಿದ ಮೇಲೆ ಮತ್ತೆ ಕಾರೊಳಗೆ ಕೂತು ಎದ್ದು ಬಂದರೆ ಮೈ ಮತ್ತೆ ಚಾರ್ಜ್ ಆಗಿರುತ್ತದೆ, ಮತ್ತೊಮ್ಮೆ ಮುಟ್ಟಬೇಕು. ಕ್ಯಾಪ್ ತೆಗೆಯುವುದರಿಂದ ಹಾಕುವವರೆಗೆ ಒಬ್ಬರೇ ಮಾಡಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಪಟ್ಟಿ ಮುಟ್ಟದ ಇನ್ನೊಬ್ಬರ ಕೈ ಕಿಡಿ ತರಬಹುದು.

ಸಪ್ಪೊರೊ ಹತ್ತಿರದ ಒಂದು ಬಂಕ್‌ನಿಂದ ನನ್ನ ತಂಗಿ ಕಳಿಸಿದ ಫೋಟೊಗಳನ್ನು ಇಟ್ಟುಕೊಂಡು ನಾನು ಅವಳಿಗೆ ಬರೆದುಕೊಟ್ಟ ಚೀಟಿ ಹೀಗಿತ್ತು. ನೋಟು ಹಾಕಿ ಮೊದಲೇ ಹಣ ಕಟ್ಟುವ ಯಂತ್ರ ಅದು.

1. ಎಂಜಿನ್ ಆಫ್ ಮಾಡು. ಟ್ಯಾಂಕ್‌ನ ಹೊರ ಮುಚ್ಚಳದ ಲಿವರ್ ಒಳಗಿನಿಂದಲೇ ಎಳೆದು ಇಳಿ.
2. ಪರದೆಯಲ್ಲಿ `現金` ಒತ್ತು. ನಗದು ಅಂತ ಅರ್ಥ.
3. ಪಾಯಿಂಟ್ ಕಾರ್ಡ್ ಇದೆಯಾ ಅಂತ ಕೇಳಿದರೆ `いいえ`, ಅಂದರೆ ಇಲ್ಲ.
4. ನೋಟು ಹಾಕು.
5. ಕೆಂಪು `レギュラー` ಒತ್ತು. ಆಮೇಲೆ `満タン`, ಅಂದರೆ ಟ್ಯಾಂಕ್ ಫುಲ್.
6. ಕಪ್ಪು ಪಟ್ಟಿಗೆ ಬರಿಗೈ ಇಡು. ಗ್ಲೌಸ್ ಇದ್ದರೆ ತೆಗೆ. ಆಮೇಲೆ ಕ್ಯಾಪ್ ತಿರುಗಿಸಿ ತೆಗೆ.
7. ಕೆಂಪು ನಾಜಲ್ ತಗೊಂಡು ಕೊನೆವರೆಗೂ ಒಳಗೆ ಹಾಕು. ಲಿವರ್ ಪೂರ್ತಿ ಒತ್ತಿ ಹಿಡಿ.
8. ತಾನಾಗಿ ನಿಂತ ಮೇಲೆ ಮತ್ತೆ ಒತ್ತಬೇಡ. ನಾಜಲ್ ಜಾಗಕ್ಕೆ ಇಟ್ಟು ಕ್ಯಾಪ್ ಹಾಕು.
9. ರಸೀದಿ ತಗೋ. ಚಿಲ್ಲರೆ ಇಲ್ಲಿ ಬರದಿದ್ದರೆ ಪಕ್ಕದ ಇನ್ನೊಂದು ಯಂತ್ರಕ್ಕೆ ರಸೀದಿಯ ಬಾರ್‌ಕೋಡ್ ತೋರಿಸು.

ಏಳನೆಯ ಹಂತದಲ್ಲಿ ಲಿವರ್ ಒತ್ತಿದರೂ ಪೆಟ್ರೋಲ್ ಬರದೆ ಹೋಗಬಹುದು. ಯಂತ್ರ ಕೆಟ್ಟಿದೆ ಅಂತಲ್ಲ. ಜಪಾನಿನಲ್ಲಿ ಸೆಲ್ಫ್ ಬಂಕ್‌ಗೆ ಅನುಮತಿ ಸಿಕ್ಕಿದ್ದು 1998ರಲ್ಲಿ. ಆಗಿನಿಂದಲೂ ಒಳಗೆ ಒಬ್ಬ ಸಿಬ್ಬಂದಿ ನೋಡುತ್ತಿದ್ದು, ಎಲ್ಲ ಸರಿ ಇದೆ ಅಂತ ಖಚಿತವಾದ ಮೇಲೆ ಪಂಪಿಗೆ ಒಪ್ಪಿಗೆ ಕೊಡುವ ವ್ಯವಸ್ಥೆ ಇದೆ. ಸ್ವಲ್ಪ ಕಾದರೆ ಬರುತ್ತದೆ.

ಎಂಟನೆಯದಕ್ಕೂ ಕಾರಣ ಇದೆ. ನಾಜಲ್‌ನ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಹರಿಯುವಾಗ ಆ ತೂತಿನಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಟ್ಯಾಂಕ್ ತುಂಬಿ ಪೆಟ್ರೋಲ್ ಆ ತೂತನ್ನು ಮುಚ್ಚಿದ ಕೂಡಲೇ ಗಾಳಿ ಸಿಗದೆ ಒಳಗಿನ ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಒಂದು ತೆಳು ಪರೆ ಸರಿದು ಕೊಂಡಿ ಕಳಚಿ ಹರಿವು ನಿಲ್ಲುತ್ತದೆ. ಕರೆಂಟು, ಸೆನ್ಸರ್ ಏನೂ ಬೇಕಾಗಿಲ್ಲ. ನಾಜಲ್ ಅರ್ಧ ಮಾತ್ರ ತೂರಿಸಿದ್ದರೆ ತೂತು ಮುಚ್ಚುವ ಹೊತ್ತಿಗೆ ಪೆಟ್ರೋಲ್ ಹೊರಗೆ ಚೆಲ್ಲಬಹುದು. ನಿಂತ ಮೇಲೆ ಮತ್ತೆ ಮತ್ತೆ ಒತ್ತಿದರೂ ಅಷ್ಟೇ.

ಎಲೆಕ್ಟ್ರಿಕ್ ಕಾರು ಬಾಡಿಗೆಗೆ ತಗೊಂಡಿದ್ದರೆ ಪರದೆ ಬೇರೆ, ಓದುವ ದಾರಿ ಅದೇ. ಜಪಾನಿನ ಫಾಸ್ಟ್ ಚಾರ್ಜರ್‌ಗಳಲ್ಲಿ ಹೆಚ್ಚಿನವು ಚಾಡೆಮೊ ಎನ್ನುವ ಅಲ್ಲಿನದೇ ಮಾದರಿಯವು. ನಮ್ಮಲ್ಲಿ ಈಗ ಕಾಣುವ ಸಿಸಿಎಸ್ 2 ಪ್ಲಗ್ ಅಲ್ಲ. ಸಾಮಾನ್ಯವಾಗಿ ಮೊದಲು ಕಾರ್ಡ್ ತೋರಿಸಬೇಕು, ಆಮೇಲೆ ಕನೆಕ್ಟರ್ ಸಿಕ್ಕಿಸಬೇಕು, ಕೊನೆಗೆ ಸ್ಟಾರ್ಟ್ ಬಟನ್. ಕೆಲವು ಯಂತ್ರಗಳು ಕನೆಕ್ಟರ್ ಅನ್ನು ಮೊದಲು ಕೇಳುತ್ತವೆ, ಅದಕ್ಕೇ `ください` ಸಾಲುಗಳನ್ನು ಕ್ರಮದಲ್ಲಿ ನೋಡಬೇಕು. ಸ್ಟಾರ್ಟ್ ಒತ್ತಿದ ತಕ್ಷಣ ಕರೆಂಟು ಹರಿಯುವುದಿಲ್ಲ. ಕಾರು ಮತ್ತು ಚಾರ್ಜರ್ ಮಾತಾಡಿಕೊಳ್ಳುತ್ತವೆ, ಕನೆಕ್ಟರ್ ಲಾಕ್ ಆಗುತ್ತದೆ, ಎಲ್ಲಾದರೂ ಕರೆಂಟು ಸೋರುತ್ತಿದೆಯಾ ಅಂತ ಪರೀಕ್ಷೆ ನಡೆಯುತ್ತದೆ. ಈ ಹೊತ್ತಲ್ಲಿ ಪರದೆ ಮೇಲೆ `中` ಬಾಲದ ಸಾಲು ಇರುತ್ತದೆ. ತಡವಾಯಿತು ಅಂತ ಕಿತ್ತು ಮತ್ತೆ ಹಾಕಿದರೆ ಮೊದಲಿಂದ ಶುರುಮಾಡಬೇಕು. `充電中` ಅಂತ ಬಂದರೆ ಚಾರ್ಜ್ ಆಗುತ್ತಿದೆ.

ಫಾಸ್ಟ್ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 30 ನಿಮಿಷದ ಮಿತಿ. 50 ಕಿಲೋವ್ಯಾಟ್ ಯಂತ್ರವಾದರೂ ಅಷ್ಟರಲ್ಲಿ ಬರುವುದು ಹೆಚ್ಚೆಂದರೆ 25 ಯೂನಿಟ್. ನಿಜವಾಗಿ ಇನ್ನೂ ಕಡಿಮೆ ಬರುತ್ತದೆ. ಚಳಿಯಲ್ಲಿ ಲಿಥಿಯಂ ಬ್ಯಾಟರಿ ವೇಗವಾಗಿ ಚಾರ್ಜ್ ತಗೊಳ್ಳುವುದಿಲ್ಲ, ಮತ್ತು ಸುಮಾರು 80 ಶೇಕಡ ದಾಟಿದ ಮೇಲೆ ಕಾರೇ ಕರೆಂಟು ಕಡಿಮೆ ಮಾಡಿಸುತ್ತದೆ. ಪರದೆಯ ಕಿಲೋವ್ಯಾಟ್ ಅಂಕಿ ಇಳಿಯುತ್ತಾ ಹೋದರೆ ಗಾಬರಿ ಬೇಡ.

ಮಧ್ಯದಲ್ಲೇ ನಿಲ್ಲಿಸಬೇಕಾದರೆ ಪರದೆಯ `終了` ಅಥವಾ ಸ್ಟಾಪ್ ಬಟನ್ ಒತ್ತಿ. ಪಕ್ಕದಲ್ಲೇ ದೊಡ್ಡ ಕೆಂಪು ಗುಂಡಿ ಇರುತ್ತದೆ, ಅದರ ಮೇಲೆ `緊急停止` ಎಂದಿರುತ್ತದೆ. ಅದು ಹೊಗೆ, ಬೆಂಕಿ, ಅಪಘಾತದಂಥ ತುರ್ತಿಗೆ ಮಾತ್ರ. ಅದನ್ನು ಒತ್ತಿದರೆ ಯಂತ್ರ ಪೂರ್ತಿ ನಿಂತುಹೋಗಿ, ಮತ್ತೆ ಚಾಲೂ ಮಾಡಲು ಸಿಬ್ಬಂದಿಯೇ ಬರಬೇಕಾಗಬಹುದು. `完了` ಅಥವಾ `ました` ಇರುವ ಸಾಲು ಬಂದು, ಕನೆಕ್ಟರ್‌ನ ಲಾಕ್ ಬಿಟ್ಟ ಮೇಲಷ್ಟೇ ಅದನ್ನು ಎಳೆದು ಸ್ಟ್ಯಾಂಡಿಗೆ ಸಿಕ್ಕಿಸಿ.