ಇಂಡಿಯಾಕ್ಕೆ VU ಬಂದದ್ದು ಹೇಗೆ?

ಚಿಕ್ಕಬಳ್ಳಾಪುರದಲ್ಲಿ ಹ್ಯಾಮ್ ರೇಡಿಯೋ ಪರೀಕ್ಷೆಗೆ ಓದುವ ಹುಡುಗರಿಗೆ ನಾನು ಆಗಾಗ ಪಾಠ ಹೇಳುತ್ತೇನೆ. ಹ್ಯಾಮ್‌ಗಳೆಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರು. ಪ್ರತಿಯೊಬ್ಬರಿಗೂ ಕಾಲ್ ಸೈನ್ ಎಂಬ ಗುರುತಿನ ಹೆಸರಿರುತ್ತದೆ. ಅದರ ಶುರುವಿನ ಭಾಗವಾದ ಪ್ರಿಫಿಕ್ಸ್ ದೇಶವನ್ನು ಹೇಳುತ್ತದೆ, ನಮ್ಮದು VU. ಪ್ರತಿ ತಂಡದಲ್ಲೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: "ಇಂಡಿಯಾಗೆ I ಕೊಡೋದ್ ಬಿಟ್ಟು VU ಯಾಕ್ ಸಾರ್ ಕೊಟ್ರು?"

I ಆಗಲೇ ಇಟಲಿಯ ಪಾಲಾಗಿತ್ತು, ಇದು ಚಿಕ್ಕ ಉತ್ತರ. ದೊಡ್ಡ ಉತ್ತರ ಬೇಕಿದ್ದರೆ ಹಡಗುಗಳ ಕಾಲಕ್ಕೆ ಹೋಗಬೇಕು. ಈ ಅಕ್ಷರಗಳನ್ನು ಹಂಚಿದ್ದು ಹ್ಯಾಮ್‌ಗಳಿಗಾಗಿ ಅಲ್ಲವೇ ಅಲ್ಲ. 1912ರಲ್ಲಿ ಲಂಡನ್ನಿನಲ್ಲಿ ರೇಡಿಯೋ ಸಮ್ಮೇಳನ ನಡೆದಾಗ ನಿಸ್ತಂತು ಯಂತ್ರ ಇದ್ದದ್ದು ಹೆಚ್ಚಾಗಿ ಹಡಗುಗಳಲ್ಲಿ ಮತ್ತು ಅವುಗಳ ಜೊತೆ ಮಾತಾಡುವ ಕರಾವಳಿ ನಿಲ್ದಾಣಗಳಲ್ಲಿ. ಒಂದೇ ಹೆಸರನ್ನು ಎರಡು ಹಡಗು ಕೂಗಬಾರದು, ಕೂಗಿದ್ದು ಯಾವ ದೇಶದ ಹಡಗು ಎಂದು ಕೇಳಿದ ಕೂಡಲೇ ತಿಳಿಯಬೇಕು. ಅದಕ್ಕಾಗಿ ಅಕ್ಷರಗಳನ್ನು ದೇಶಗಳಿಗೆ ಹಂಚಿದರು. ಆಗ ಹೆಚ್ಚು ಹಡಗಿದ್ದ ದೇಶಗಳಿಗೆ ಇಡೀ ಅಕ್ಷರಗಳೇ ಸಿಕ್ಕವು: ಫ್ರಾನ್ಸಿಗೆ F, ಇಟಲಿಗೆ I, ಅಮೆರಿಕಕ್ಕೆ N ಮತ್ತು W.

1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಪಟ್ಟಿಯನ್ನು ಹಿಗ್ಗಿಸಿದರು. V ಅಕ್ಷರ ಹೆಚ್ಚುಕಡಿಮೆ ಪೂರ್ತಿ ಬ್ರಿಟಿಷ್ ಸಾಮ್ರಾಜ್ಯಕ್ಕೆ ಹೋಯಿತು. ಅದರ ಮೊದಲ ಭಾಗ ಕೆನಡಾಕ್ಕೆ, ನಂತರದ್ದು ಆಸ್ಟ್ರೇಲಿಯಾಕ್ಕೆ, VOದಿಂದ ಶುರುವಾಗುವುದು ನ್ಯೂಫೌಂಡ್‌ಲ್ಯಾಂಡಿಗೆ, VPದಿಂದ VSವರೆಗಿನದು ಬ್ರಿಟನ್ನಿನ ವಸಾಹತುಗಳಿಗೆ, VTಯಿಂದ VWವರೆಗಿನದು ಬ್ರಿಟಿಷ್ ಇಂಡಿಯಾಕ್ಕೆ. ನಮ್ಮ VU ಬಂದದ್ದು ಅಲ್ಲಿಂದ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿಯುವ ಭಾರತೀಯ ವಿಮಾನಗಳ ಮೈಮೇಲೆ VT ಎಂದು ಬರೆದಿರುವುದೂ ಇದೇ ಹಂಚಿಕೆಯಿಂದ.

ಇಲ್ಲೊಂದು ಸೂಕ್ಷ್ಮವಿದೆ, ನನಗೆ ಬಹಳ ಇಷ್ಟವಾದದ್ದು. ಬ್ರಿಟಿಷ್ ಇಂಡಿಯಾ ಆ ಕಾಲಕ್ಕೇ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರತ್ಯೇಕ ಸದಸ್ಯ. ಹಾಗಾಗಿ VTಯಿಂದ VW ತನಕದ ಪಾಲು ಇಂಡಿಯಾದ ಹೆಸರಿನಲ್ಲೇ ಇತ್ತು. ಸ್ವಾತಂತ್ರ್ಯ ಬಂದ ಮೇಲೂ ಅದನ್ನು ಬಿಡುವ ಪ್ರಸಂಗ ಬರಲಿಲ್ಲ. ಸಿಲೋನಿನ ಹ್ಯಾಮ್‌ಗಳು ಮಾತ್ರ VS7 ಎಂದು ಕರೆದುಕೊಳ್ಳುತ್ತಿದ್ದರು, VS ಬ್ರಿಟನ್ನಿನ ಸ್ವತ್ತು. ದೇಶ ಬೇರೆಯಾದ ಮೇಲೆ ಅವರು ಅದನ್ನು ಬಿಟ್ಟು 4S7ಕ್ಕೆ ಬಂದರು. ಮಾಲ್ಡೀವ್ಸ್‌ಗೆ 8Q, ಸಿಂಗಪುರಕ್ಕೆ 9V ಬಂದದ್ದೂ ಹೀಗೆಯೇ. ಅಂಕಿಯಿಂದ ಶುರುವಾಗುವ ಪ್ರಿಫಿಕ್ಸ್ ಕಿವಿಗೆ ಬಿದ್ದರೆ ಅಕ್ಷರಗಳು ತುಂಬಿಹೋದ ನಂತರ ಹಂಚಿದ್ದು ಎಂದು ಬಹುಮಟ್ಟಿಗೆ ಊಹಿಸಬಹುದು.

ಇನ್ನು ಕೆಲವು ದೇಶಗಳಿಗೆ ಇಷ್ಟೊಂದು ಪ್ರಿಫಿಕ್ಸ್ ಯಾಕೆ? ಕಾಲ್ ಸೈನಿನ ಮೊದಲ ಎರಡು ಅಕ್ಷರಗಳನ್ನು ಒಂದು ಜೋಡಿ ಎಂದು ಎಣಿಸೋಣ. K, N, W ಪೂರ್ತಿಯಾಗಿ, ಜೊತೆಗೆ AAಯಿಂದ AL ತನಕ, ಒಟ್ಟು 90 ಜೋಡಿ ಅಮೆರಿಕದ ಬಳಿ ಇವೆ. ನಮ್ಮಲ್ಲಿ VTಯಿಂದ VW, ATಯಿಂದ AW, 8Tಯಿಂದ 8Y, ಒಟ್ಟು 14. ನೇಪಾಳಕ್ಕೆ 9N ಒಂದೇ. ಇಷ್ಟು ನೋಡಿದರೆ ದೊಡ್ಡ ದೇಶಕ್ಕೆ ಹೆಚ್ಚು, ಸಣ್ಣ ದೇಶಕ್ಕೆ ಕಡಿಮೆ ಎನಿಸುತ್ತದೆ. ಆದರೆ ಲೈಬೀರಿಯಾವನ್ನು ನೋಡಿ. ಪಶ್ಚಿಮ ಆಫ್ರಿಕಾದ ಆ ಸಣ್ಣ ದೇಶದ ಬಳಿ EL, 5L, 5M, 6Z, A8, D5 ಎಂಬ ಆರು ಜೋಡಿಗಳಿವೆ. ಪನಾಮಾದ ಬಳಿ ಏಳಿವೆ: HO, HP, H3, H8, H9, 3E, 3F. ಈ ಎರಡೂ ದೇಶಗಳಲ್ಲಿ ಹ್ಯಾಮ್‌ಗಳು ತುಂಬಿ ತುಳುಕುತ್ತಿಲ್ಲ.

ಅವುಗಳಲ್ಲಿ ತುಂಬಿರುವುದು ಹಡಗುಗಳ ನೋಂದಣಿ. ಬೇರೆ ದೇಶಗಳ ಮಾಲೀಕರು ತೆರಿಗೆ ಮತ್ತು ನಿಯಮಗಳ ಅನುಕೂಲಕ್ಕಾಗಿ ತಮ್ಮ ಹಡಗುಗಳನ್ನು ಅಲ್ಲಿ ನೋಂದಾಯಿಸಿ ಆ ದೇಶದ ಬಾವುಟ ಹಾರಿಸುತ್ತಾರೆ. ಬಾವುಟ ಯಾವ ದೇಶದ್ದೋ ಕಾಲ್ ಸೈನೂ ಆ ದೇಶದ್ದೇ. ಈಗ ಲೆಕ್ಕ ಹಾಕಿ: ಹಡಗಿನ ಕಾಲ್ ಸೈನಿಗೆ ಸಾಮಾನ್ಯವಾಗಿ ನಾಲ್ಕು ಅಕ್ಷರ. ಮೊದಲ ಎರಡು ದೇಶದ್ದಾದರೆ ಉಳಿಯುವುದು ಎರಡು, ಅಂದರೆ 26 × 26 = 676. ಒಂದು ಜೋಡಿಯಲ್ಲಿ 676 ಹಡಗುಗಳಿಗೆ ಹೆಸರಿಟ್ಟರೆ ಮುಗಿಯಿತು. ಕೊನೆಗೊಂದು ಅಂಕಿ ಸೇರಿಸಿ ಹಿಗ್ಗಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ಆದರೂ ಸಾವಿರಾರು ಹಡಗುಗಳ ನೋಂದಣಿ ಇಟ್ಟುಕೊಂಡ ದೇಶಕ್ಕೆ ಒಂದು ಜೋಡಿ ಸಾಲುವುದಿಲ್ಲ. ಮತ್ತೆ ಮತ್ತೆ ಕೇಳಿ ಪಡೆಯುತ್ತದೆ. ಕೇಳಿದ ಹೊತ್ತಿಗೆ ಪಟ್ಟಿಯಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿ ಕೊಡುತ್ತಾರೆ. ಅದಕ್ಕೇ ಲೈಬೀರಿಯಾದ ಪ್ರಿಫಿಕ್ಸ್‌ಗಳು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಅಲ್ಲಲ್ಲಿ ಚದುರಿವೆ. ನಮ್ಮ VU ಮತ್ತು 8T ನಡುವೆ ಯಾವ ಹೋಲಿಕೆಯೂ ಕಾಣದಿರುವುದಕ್ಕೆ ಪಟ್ಟಿ ಬೆಳೆದ ಈ ರೀತಿಯೇ ಕಾರಣ. ನಮ್ಮ ಹ್ಯಾಮ್‌ಗಳು ದಿನನಿತ್ಯ ಬಳಸುವುದು VU ಮಾತ್ರ. AT, AU, 8T ಇವು ಯಾವುದಾದರೂ ವಿಶೇಷ ಸಂದರ್ಭಕ್ಕೆ ಸ್ವಲ್ಪ ದಿನ ಸಿಗುತ್ತವೆ.

ಜಾಗ ಎಷ್ಟು ಬಿಗಿಯಾಯಿತೆಂದರೆ ಕೆಲವು ಕಡೆ ಒಂದು ಜೋಡಿಯನ್ನೇ ಇಬ್ಭಾಗ ಮಾಡಬೇಕಾಯಿತು. 3D ಅಂಥದ್ದು. 3DAಯಿಂದ 3DM ತನಕ ಆಫ್ರಿಕಾದ ಎಸ್ವಾಟಿನಿಗೆ, ಅಂದರೆ ಹಳೆಯ ಸ್ವಾಜಿಲ್ಯಾಂಡಿಗೆ. 3DNಯಿಂದ 3DZ ತನಕ ಪೆಸಿಫಿಕ್ ಸಾಗರದ ಫಿಜಿಗೆ. ಎರಡೂ ಬ್ರಿಟನ್ನಿನಿಂದ ಬಿಡುಗಡೆಯಾದ ದೇಶಗಳು, ಫಿಜಿ ಅದಕ್ಕೆ ಮೊದಲು VR2 ಎಂದಿತ್ತು. ಇಂಥ ಅರ್ಧ ಪಾಲಿನವರು ಮೂರು ಅಕ್ಷರಗಳನ್ನೂ ಹೇಳಿ ಆಮೇಲೆ ಅಂಕಿ ಹೇಳಬೇಕೆಂಬುದು ನಿಯಮ. ಎಸ್ವಾಟಿನಿಯವರು ಮೊದಲು 3D6 ಎನ್ನುತ್ತಿದ್ದವರು ಈಗ ನಿಯಮದಂತೆ 3DA0 ಎನ್ನುತ್ತಾರೆ. ಫಿಜಿಯವರು 3D2 ಎಂದೇ ಉಳಿದಿದ್ದಾರೆ.

ಕೇಳುವವರಿಗೆ ಕಷ್ಟ ಬರುವುದು ಇಲ್ಲಿ. 14 ಮೆಗಾಹರ್ಟ್ಸ್‌ನಲ್ಲಿ ಕ್ಷೀಣ ದನಿಯೊಂದು "ತ್ರೀ ಡೆಲ್ಟಾ..." ಎನ್ನುತ್ತದೆ, ಮುಂದಿನದು ಗದ್ದಲದಲ್ಲಿ ಮುಳುಗುತ್ತದೆ. ಆತುರದಲ್ಲಿ ಫಿಜಿ ಎಂದುಕೊಂಡು, ತಿರುಗಿಸಿದ ದಿಕ್ಕಿನದನ್ನೇ ಚೆನ್ನಾಗಿ ಹಿಡಿಯುವ ಬೀಮ್ ಆಂಟೆನಾವನ್ನು ಪೂರ್ವಕ್ಕೆ ತಿರುಗಿಸಿದರೆ, ಮಾತಾಡುತ್ತಿರುವವರು ಎಸ್ವಾಟಿನಿಯವರಾದ ಪಕ್ಷದಲ್ಲಿ ಇದ್ದ ದನಿಯೂ ಹೋಗುತ್ತದೆ. ಚಿಕ್ಕಬಳ್ಳಾಪುರದಿಂದ ಎಸ್ವಾಟಿನಿ ಇರುವುದು ನೈಋತ್ಯಕ್ಕೆ. ಮೂರನೆಯದು ಕಿವಿಗೆ ಬೀಳುವ ತನಕ ಕಾಯಲೇಬೇಕು: "ಟೂ" ಬಂದರೆ ಫಿಜಿ, "ಆಲ್ಫಾ" ಬಂದರೆ ಎಸ್ವಾಟಿನಿ. ಲಾಗ್ ಬರೆಯುವ ತಂತ್ರಾಂಶವೂ ಮಾಡುವುದು ಇದನ್ನೇ. ಹೊಂದುವ ಪ್ರಿಫಿಕ್ಸ್‌ಗಳಲ್ಲಿ ಅತಿ ಉದ್ದದ್ದನ್ನು ಹುಡುಕಿ ಅದರ ಮೇಲೆ ತೀರ್ಮಾನಿಸುತ್ತದೆ. VU ಎಂದಷ್ಟೇ ನೋಡಿದರೆ ಭಾರತ. VU4 ಎಂದು ಕಂಡರೆ ಅಂಡಮಾನ್, VU7 ಎಂದರೆ ಲಕ್ಷದ್ವೀಪ. ಎರಡೂ ನಮ್ಮದೇ ನೆಲ, ಆದರೆ ದೂರದ ಹ್ಯಾಮ್‌ಗಳು ಪ್ರಶಸ್ತಿಗಳಿಗಾಗಿ ಅವನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ.

ಇದನ್ನು ಕೇಳಿದ ಹುಡುಗರು KA-07 ಅಂದರೆ ಕೋಲಾರ, KA-40 ಅಂದರೆ ಚಿಕ್ಕಬಳ್ಳಾಪುರ ಇದ್ದ ಹಾಗೆ VU2ನಲ್ಲೂ ಊರು ಅಡಗಿರಬೇಕು ಎಂದುಕೊಳ್ಳುತ್ತಾರೆ. ಹಾಗಿಲ್ಲ. ನಮ್ಮಲ್ಲಿ 2 ಎಂದರೆ ಜನರಲ್ ದರ್ಜೆಯ ಲೈಸೆನ್ಸು, 3 ಎಂದರೆ ರಿಸ್ಟ್ರಿಕ್ಟೆಡ್ ದರ್ಜೆ. ತುಮಕೂರಿನವರಿಗೂ ಕೋಲ್ಕತ್ತದವರಿಗೂ ಅದೇ VU2. ಊರು ತಿಳಿಯಬೇಕಾದರೆ ಹ್ಯಾಮ್‌ಗಳು ಅಕ್ಷಾಂಶ ರೇಖಾಂಶದಿಂದ ಲೆಕ್ಕ ಹಾಕಿದ ಗ್ರಿಡ್ ಚೌಕವನ್ನು ಬೇರೆಯಾಗಿ ಹೇಳಿಕೊಳ್ಳುತ್ತಾರೆ. ತುಮಕೂರು, ಚಿಕ್ಕಬಳ್ಳಾಪುರ ಎರಡೂ MK83ರಲ್ಲಿವೆ. 78 ಡಿಗ್ರಿ ರೇಖಾಂಶ ದಾಟಿದರೆ ಚೌಕ ಬದಲಾಗುತ್ತದೆ, ಕೋಲಾರ MK93ಕ್ಕೆ ಸೇರುತ್ತದೆ.