ಎರಡನೇ ಸೀಸನ್ ಯಾಕೆ ಬರಲಿಲ್ಲ?

2020ರ ಅಕ್ಟೋಬರ್‌ನಲ್ಲಿ ಸೋನಿ ಲಿವ್‌ನಲ್ಲಿ ‘ಸ್ಕ್ಯಾಮ್ 1992’ ಬಂದಾಗ ಮುಂಬಯಿಯ ಕನ್ನಡಿಗರ ಮನೆಗಳಲ್ಲೂ ಷೇರುಪೇಟೆ ಹಗರಣದ ದಲ್ಲಾಳಿ ಹರ್ಷದ್ ಮೆಹ್ತಾನದೇ ಮಾತು. ಫೋರ್ಟ್‌ನ ಬ್ಯಾಂಕುಗಳಲ್ಲಿ ದುಡಿದು ಈಗ ಡೊಂಬಿವಲಿ, ಮುಲುಂಡ್‌ಗಳಲ್ಲಿ ನಿವೃತ್ತ ಜೀವನ ನಡೆಸುವ ಹಿರಿಯರಿಗಂತೂ ಅದು ಕಣ್ಣಾರೆ ಕಂಡ ಕಾಲ. ಹತ್ತು ಕಂತು ಮುಗಿದದ್ದೇ ತಡ, ಮುಂದಿನ ಭಾಗ ಯಾವಾಗ ಎಂಬ ಪ್ರಶ್ನೆ ಶುರುವಾಯಿತು. ಮೂರು ವರ್ಷ ಕಳೆದು ಬಂದದ್ದು ‘ಸ್ಕ್ಯಾಮ್ 2003’. ಅದರಲ್ಲಿ ಹರ್ಷದ್ ಇಲ್ಲ, ಆ ಪಾತ್ರ ಮಾಡಿದ ಪ್ರತೀಕ್ ಗಾಂಧಿಯೂ ಇಲ್ಲ. ಬದಲಿಗೆ ನಮ್ಮ ಖಾನಾಪುರದ ಅಬ್ದುಲ್ ಕರೀಂ ತೆಲಗಿ ಇದ್ದ, ಅವನ ನಕಲಿ ಛಾಪಾ ಕಾಗದದ ಹಗರಣ ಇತ್ತು. ಅಷ್ಟು ಜನ ಮೆಚ್ಚಿದ ಸರಣಿಯ ಮುಂದುವರಿಕೆ ಇನ್ನೊಂದೇ ಸರಣಿಯಾಗಿ ಬಂದದ್ದು ಏಕೆ ಎಂದು ಹುಡುಕಹೊರಟರೆ ಲಿಮಿಟೆಡ್ ಸೀರೀಸ್ ಎಂಬ ವ್ಯವಸ್ಥೆಯ ಒಳಗುಟ್ಟೆಲ್ಲ ಸಿಗುತ್ತದೆ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಹಿಂದೆ ಮಿನಿ ಸೀರೀಸ್ ಅನ್ನುತ್ತಿದ್ದುದನ್ನೇ ಈಗ ಹೆಚ್ಚಾಗಿ ಲಿಮಿಟೆಡ್ ಸೀರೀಸ್ ಅನ್ನುತ್ತಾರೆ. ಅಮೆರಿಕದ ಎಮ್ಮಿ ಪ್ರಶಸ್ತಿಯವರು 2015ರಲ್ಲಿ ತಮ್ಮ ವಿಭಾಗದ ಹೆಸರನ್ನೇ ಹಾಗೆ ಬದಲಿಸಿದರು. ಅವರ ನಿಯಮದ ಪ್ರಕಾರ ಕನಿಷ್ಠ ಎರಡು ಕಂತು, ಒಟ್ಟು 150 ನಿಮಿಷ ಇರಬೇಕು. ಕಥೆ ಅಲ್ಲಿಗೇ ಪೂರ್ತಿಯಾಗಬೇಕು, ಅದೇ ಕಥೆ ಅದೇ ಮುಖ್ಯ ಪಾತ್ರಗಳೊಂದಿಗೆ ಮುಂದಿನ ಸೀಸನ್‌ಗೆ ಹರಿಯಬಾರದು. ಅಂದರೆ ಕಂತುಗಳ ಸಂಖ್ಯೆ ಇಲ್ಲಿ ಮುಖ್ಯವೇ ಅಲ್ಲ. ಹತ್ತು ಕಂತಿನದೂ ಲಿಮಿಟೆಡ್ ಆಗಬಹುದು, ಆರು ಕಂತಿನದೂ ಮಾಮೂಲಿ ಸೀಸನ್ ಆಗಿರಬಹುದು.

ನಿಜವಾದ ವ್ಯತ್ಯಾಸ ಇರುವುದು ಕಥೆಯನ್ನು ಓಡಿಸುವುದು ಏನು ಎಂಬುದರಲ್ಲಿ. ಅಂಧೇರಿ, ವರ್ಸೋವಾದ ಬರಹಗಾರರ ಕೋಣೆಗಳಲ್ಲಿ ಇದನ್ನು ಕಥೆಯ ಎಂಜಿನ್ ಅನ್ನುತ್ತಾರೆ. ‘ದೆಲ್ಲಿ ಕ್ರೈಮ್’ ನೋಡಿ. 2019ರ ಮೊದಲ ಸೀಸನ್ ಪೂರ್ತಿ ಒಂದೇ ಅಪರಾಧದ ತನಿಖೆ, ಏಳನೇ ಕಂತಿಗೆ ಅದು ಮುಗಿಯಿತು. ಆದರೂ 2022ರಲ್ಲಿ ಎರಡನೇ ಸೀಸನ್ ಸಲೀಸಾಗಿ ಬಂತು. ಏಕೆಂದರೆ ಅಲ್ಲಿ ಎಂಜಿನ್ ಆ ಅಪರಾಧವಲ್ಲ, ಶೆಫಾಲಿ ಶಾ ನಟಿಸಿದ ಪೊಲೀಸ್ ಅಧಿಕಾರಿಯ ಕೆಲಸ. ಕೇಸು ಮುಗಿದರೂ ಠಾಣೆ ಮುಚ್ಚುವುದಿಲ್ಲ, ಮರುದಿನ ಇನ್ನೊಂದು ಕೇಸು ಬರುತ್ತದೆ. ‘ಸ್ಕ್ಯಾಮ್ 1992’ರಲ್ಲಿ ಎಂಜಿನ್ ಹರ್ಷದ್‌ನ ಏಳುಬೀಳು. ಅವನು 2001ರ ಡಿಸೆಂಬರ್ 31ರಂದು ಬಂಧನದಲ್ಲಿದ್ದಾಗಲೇ ತೀರಿಕೊಂಡ, ಸರಣಿಯೂ ಅಲ್ಲಿಯವರೆಗೆ ಹೋಗಿಯೇ ನಿಂತಿತು. ಓಡಿಸಲು ಇನ್ನೇನೂ ಉಳಿದಿರಲಿಲ್ಲ.

ಅದೇ ಹಗರಣವನ್ನು ಪತ್ರಕರ್ತೆ ಸುಚೇತಾ ದಲಾಲ್ ಅವರನ್ನು ನಡುಮಧ್ಯೆ ಇಟ್ಟು ಹೇಳಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು. ಸುದ್ದಿಮನೆಗೆ ಹಗರಣಗಳ ಬರವಿಲ್ಲ, ಸೀಸನ್ ಮೇಲೆ ಸೀಸನ್ ಮಾಡಬಹುದಿತ್ತು. ಆದರೆ ಅದು ತನಿಖೆಯ ಕಥೆಯಾಗುತ್ತಿತ್ತು. ಜನ ಮರುಳಾದದ್ದು ಹರ್ಷದ್‌ನ ಆಸೆ, ಹಮ್ಮು, ನಗುವಿಗೆ. ಯಾರ ಕಥೆ ಎಂದು ಮೊದಲ ದಿನ ತೀರ್ಮಾನಿಸಿದಾಗಲೇ ಎರಡನೇ ಸೀಸನ್‌ನ ಬಾಗಿಲು ಮುಚ್ಚಿಹೋಗಿತ್ತು.

ಕಥೆ ಮುಗಿದ ಮಾತು ಹಾಗಿರಲಿ. ಮುಂದುವರಿಸಲೇಬೇಕೆಂದು ನಿರ್ಮಾಪಕರು ಹಟ ಹಿಡಿದರೂ ಅಡ್ಡ ಬರುವುದು ಕಾಗದಪತ್ರ. ಮಾಮೂಲಿ ಸರಣಿಗೆ ನಟರನ್ನು ತೆಗೆದುಕೊಳ್ಳುವಾಗ ಕರಾರಿನಲ್ಲಿ ಆಪ್ಷನ್ ಎಂಬ ಷರತ್ತು ಇರುತ್ತದೆ. ಮೊದಲ ಸೀಸನ್‌ಗೆ ಇಷ್ಟು ಸಂಭಾವನೆ. ಮುಂದಿನ ಸೀಸನ್‌ಗಳಿಗೂ ನಿಮ್ಮನ್ನು ಕರೆಯುವ ಹಕ್ಕು ನಮ್ಮದು, ಆಗ ಸಂಭಾವನೆ ಶೇಕಡಾ ಇಷ್ಟು ಏರುತ್ತದೆ. ಕರೆಯುತ್ತೇವೋ ಇಲ್ಲವೋ ಎಂದು ಇಂತಿಷ್ಟು ತಿಂಗಳೊಳಗೆ ತಿಳಿಸುತ್ತೇವೆ. ಷರತ್ತಿನ ತಿರುಳು ಇಷ್ಟೇ. ಅಮೆರಿಕದಲ್ಲಿ ಇದು ಆರೇಳು ವರ್ಷದವರೆಗೂ ಎಳೆಯುತ್ತದೆ. ಅದಕ್ಕಿಂತ ಮುಂದೆ ಹೋಗದಿರಲು ಕ್ಯಾಲಿಫೋರ್ನಿಯಾದ ಕಾನೂನು ಕಾರಣ: ಅಲ್ಲಿ ವ್ಯಕ್ತಿಗತ ಸೇವೆಯ ಕರಾರನ್ನು ಏಳು ವರ್ಷಕ್ಕಿಂತ ಹೆಚ್ಚು ಕಾಲ ಜಾರಿ ಮಾಡಿಸುವಂತಿಲ್ಲ. ಈ ಷರತ್ತಿನಿಂದ ನಿರ್ಮಾಪಕನಿಗೆ ಆಗುವ ಲಾಭ ದೊಡ್ಡದು. ಸರಣಿ ಎಷ್ಟೇ ಗೆದ್ದರೂ ಮುಂದಿನ ಸೀಸನ್‌ನ ಬೆಲೆ ಮೊದಲೇ ಗೊತ್ತಾಗಿರುತ್ತದೆ.

ಲಿಮಿಟೆಡ್ ಸೀರೀಸ್‌ನಲ್ಲಿ ಸಾಮಾನ್ಯವಾಗಿ ಈ ಷರತ್ತು ಇರುವುದಿಲ್ಲ. ಬೇಕೆಂದೇ ಬಿಡುತ್ತಾರೆ. ಐದು ವರ್ಷ ಕಟ್ಟಿಬೀಳಲು ಒಪ್ಪದ ಸಿನಿಮಾ ತಾರೆಯೊಬ್ಬರು ಎಪ್ಪತ್ತು ದಿನದ ಡೇಟ್ಸ್ ಕೊಡಲು ಒಪ್ಪುವುದು ‘ಇದು ಇಷ್ಟಕ್ಕೇ ಮುಗಿಯುತ್ತದೆ’ ಎಂಬ ಭರವಸೆಯ ಮೇಲೆ. ಆ ದಿನಗಳು ಮುಗಿದ ಮೇಲೆ ಅವರು ಇನ್ನೊಂದು ಚಿತ್ರಕ್ಕೆ ಗಡ್ಡ ಬಿಡುತ್ತಾರೆ, ತೂಕ ಇಳಿಸುತ್ತಾರೆ, ಮುಂದಿನ ವರ್ಷದ ಡೇಟ್ಸ್ ಮಾರಿಕೊಂಡಿರುತ್ತಾರೆ. ಈಗ ಸರಣಿ ಗೆದ್ದಿದೆ ಎಂದು ನಿರ್ಮಾಪಕ ಮತ್ತೆ ಬಾಗಿಲು ತಟ್ಟಿದರೆ ಚೌಕಾಶಿ ಸೊನ್ನೆಯಿಂದ ಶುರು, ಮೇಲುಗೈ ಪೂರ್ತಿ ನಟರದು. ಒಬ್ಬರಲ್ಲ, ನಾಲ್ಕೈದು ಮುಖ್ಯ ನಟರ ಡೇಟ್ಸ್ ಒಂದೇ ಕಾಲಕ್ಕೆ ಕೂಡಿಬರಬೇಕು. ಮುಂಬಯಿಯಲ್ಲಿ ಇದಕ್ಕೆ ಮಳೆಗಾಲವೂ ಸೇರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಾಂಗಣದ ಚಿತ್ರೀಕರಣ ನೆಚ್ಚಿಕೊಳ್ಳುವ ಹಾಗಿಲ್ಲ, ಹಾಗಾಗಿ ಎಲ್ಲರೂ ಕೇಳುವುದು ಅದೇ ಚಳಿಗಾಲದ ಡೇಟ್ಸ್.

ಎರಡನೆಯ ಅಡ್ಡಿ ಸೆಟ್ಟು. ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಹಳೆಯ ಕಾಲದ ಕಚೇರಿ, ಚಾಳು, ಬೀದಿಯ ಸೆಟ್ಟು ಹಾಕಿದರೆಂದುಕೊಳ್ಳಿ. ಪ್ಲೈವುಡ್, ಮರದ ಪಟ್ಟಿ, ಪಿಒಪಿ, ಬಣ್ಣ ಇಷ್ಟರಲ್ಲೇ ಎದ್ದು ನಿಂತ ಊರು ಅದು. ಮಾಮೂಲಿ ಸರಣಿಯಾದರೆ ಗೋಡೆಗಳನ್ನು ತುಂಡುತುಂಡಾಗಿ ಬಿಚ್ಚಲು ಬರುವಂತೆ ಕಟ್ಟಿ, ಪ್ರತಿ ತುಂಡಿಗೂ ನಂಬರ್ ಬರೆದು, ಫೋಟೋ ತೆಗೆದು, ಭಿವಂಡಿಯಂಥ ಕಡೆ ಗೋದಾಮಿನಲ್ಲಿ ಇಡುತ್ತಾರೆ. ಇಟ್ಟರೂ ಮಳೆಗಾಲದ ತೇವಕ್ಕೆ ಪ್ಲೈವುಡ್ ಉಬ್ಬುತ್ತದೆ, ಪಿಒಪಿ ಉದುರುತ್ತದೆ, ಬಣ್ಣಕ್ಕೆ ಬೂಷ್ಟು ಹಿಡಿಯುತ್ತದೆ. ಹಳೆಯ ಗೋಡೆಯ ಪಕ್ಕ ಹೊಸ ಗೋಡೆ ನಿಲ್ಲಿಸಿದಾಗ ಬಣ್ಣದ ಛಾಯೆ ಹೊಂದದೆ ಕ್ಯಾಮೆರಾದಲ್ಲಿ ಎದ್ದು ಕಾಣುತ್ತದೆ. ಲಿಮಿಟೆಡ್ ಸೀರೀಸ್‌ನವರು ಈ ತಾಪತ್ರಯವೇ ಬೇಡವೆಂದು ಕೊನೆಯ ಶಾಟ್ ಆದ ಮರುದಿನ ಸೆಟ್ಟು ಒಡೆಸುತ್ತಾರೆ. ಜಾಗದ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತಿರುವಾಗ ಅದೇ ಜಾಣತನ.

ಇದು ಬಜೆಟ್ಟಿಗೆ ಹೇಗೆ ತಟ್ಟುತ್ತದೆ ಎಂಬುದಕ್ಕೆ ಒಂದು ಊಹೆಯ ಲೆಕ್ಕ ಹಾಕೋಣ. ಸೆಟ್ಟು, ವೇಷಭೂಷಣ, ಸಂಶೋಧನೆಗೆ ಒಟ್ಟು 4 ಕೋಟಿ ರೂಪಾಯಿ ಆಯಿತು ಎನ್ನಿ. ಎಂಟು ಕಂತಿಗೆ ಹಂಚಿದರೆ ಕಂತಿಗೆ 50 ಲಕ್ಷ. ಅದೇ ಸೆಟ್ಟು ಮೂರು ಸೀಸನ್ ಬಾಳಿ 24 ಕಂತಿಗೆ ದುಡಿದರೆ ಕಂತಿಗೆ ಸುಮಾರು 17 ಲಕ್ಷ. ಗೋದಾಮು, ದುರಸ್ತಿ ಎಂದು ಇನ್ನೊಂದು ಕೋಟಿ ಸೇರಿಸಿದರೂ 21 ಲಕ್ಷ ದಾಟುವುದಿಲ್ಲ. ಮಾಮೂಲಿ ಸರಣಿ ಕಾಲಕ್ರಮದಲ್ಲಿ ಅಗ್ಗವಾಗುತ್ತದೆ ಎನ್ನುವುದು ಈ ಅರ್ಥದಲ್ಲಿ. ಲಿಮಿಟೆಡ್ ಸೀರೀಸ್ ಕಂತಿಗೆ ಪೂರ್ತಿ 50 ಲಕ್ಷವನ್ನು ಒಂದೇ ಸಲಕ್ಕೆ ನುಂಗಿಕೊಂಡಿರುತ್ತದೆ. ಅದಕ್ಕೆ ಇನ್ನೊಂದು ಸೀಸನ್ ಅಂದರೆ ಹಿಂದಿನ ಖರ್ಚಿನ ಫಲ ಉಣ್ಣುವುದಲ್ಲ, ಅಷ್ಟನ್ನೇ ಮತ್ತೊಮ್ಮೆ ಸುರಿಯುವುದು, ಅದೂ ಏರಿದ ಸಂಭಾವನೆಯ ಜೊತೆಗೆ.

ಮೂರನೆಯದು ಕಥೆಯ ಹಕ್ಕು. ‘ಸ್ಕ್ಯಾಮ್ 1992’ಕ್ಕೆ ಆಧಾರ ಸುಚೇತಾ ದಲಾಲ್ ಮತ್ತು ದೇಬಾಶಿಸ್ ಬಸು ಬರೆದ ಪುಸ್ತಕ. ಹಕ್ಕು ಕೊಂಡವರಿಗೆ ಸಿಗುವುದು ಆ ಪುಸ್ತಕದೊಳಗೆ ಇರುವುದು ಮಾತ್ರ. ತೆಲಗಿಯ ಕಥೆಗೆ ಅದರಿಂದ ಉಪಯೋಗವಿಲ್ಲ. ಅದಕ್ಕೆ ಪತ್ರಕರ್ತ ಸಂಜಯ್ ಸಿಂಗ್ ಅವರ ಬೇರೆಯೇ ಪುಸ್ತಕವನ್ನು ಆಧಾರ ಮಾಡಿಕೊಳ್ಳಬೇಕಾಯಿತು. ನಿರ್ದೇಶನ ತುಷಾರ್ ಹೀರಾನಂದಾನಿ ಅವರದು, ಮೊದಲನೆಯದನ್ನು ನಿರ್ದೇಶಿಸಿದ್ದ ಹನ್ಸಲ್ ಮೆಹ್ತಾ ಇಲ್ಲಿ ಮೇಲ್ವಿಚಾರಣೆಗೆ ನಿಂತರು. ತೆಲಗಿಯಾದವರು ಗಗನ್ ದೇವ್ ರಿಯಾರ್. ಕಥೆ, ನಾಯಕ, ನಿರ್ದೇಶಕ, ಪುಸ್ತಕ ಎಲ್ಲ ಹೊಸದು. ಉಳಿದದ್ದು ‘ಸ್ಕ್ಯಾಮ್’ ಎಂಬ ಹೆಸರು ಮತ್ತು ಅದು ಗಳಿಸಿದ ನಂಬಿಕೆ. ಹಿಂದಿನ ನಟರಿಗೆ ಏರಿದ ಬೆಲೆ ತೆರಬೇಕಿಲ್ಲ, ಒಡೆದ ಸೆಟ್ಟಿಗಾಗಿ ಅಳಬೇಕಿಲ್ಲ. ಮೂರು ಅಡ್ಡಿಗಳನ್ನೂ ಒಂದೇ ಏಟಿಗೆ ದಾಟುವ ಈ ಉಪಾಯಕ್ಕೆ ಆಂಥಾಲಜಿ ಎನ್ನುತ್ತಾರೆ. ಇದರ ದೌರ್ಬಲ್ಯವೂ ಅಲ್ಲೇ ಇದೆ. ಪ್ರೇಕ್ಷಕ ಹಳೆಯ ಪ್ರೀತಿಯನ್ನು ಹೊತ್ತು ಬಂದು ಹೊಸ ನಾಯಕನಲ್ಲಿ ಹಳಬನನ್ನೇ ಹುಡುಕುತ್ತಾನೆ, ಮೊದಲ ಎರಡು ಕಂತು ಆ ಹೋಲಿಕೆಯಲ್ಲೇ ಕಳೆಯುತ್ತದೆ.

ಅಡ್ಡಿಗಳನ್ನು ಲೆಕ್ಕಿಸದೆ ಮುಂದುವರಿದವೂ ಇವೆ. ಎಚ್‌ಬಿಒದ ‘ಬಿಗ್ ಲಿಟಲ್ ಲೈಸ್’ 2017ರಲ್ಲಿ ಏಳು ಕಂತಿನಲ್ಲಿ ಕಾದಂಬರಿಯನ್ನು ಮುಗಿಸಿ, ಲಿಮಿಟೆಡ್ ಸೀರೀಸ್ ವಿಭಾಗದಲ್ಲೇ ಎಮ್ಮಿ ಗೆದ್ದಿತು. ಆಮೇಲೆ ಮನಸ್ಸು ಬದಲಿಸಿ 2019ರಲ್ಲಿ ಮತ್ತೆ ಏಳು ಕಂತು ತಂದರು. ಪುಸ್ತಕ ಖಾಲಿಯಾಗಿದ್ದರಿಂದ ಕಾದಂಬರಿಕಾರ್ತಿಯ ಕೈಯಲ್ಲೇ ಹೊಸದಾಗಿ ಕಥೆ ಬರೆಸಬೇಕಾಯಿತು. ‘ಶೋಗನ್’ 2024ರಲ್ಲಿ ಹತ್ತು ಕಂತಿಗೆ ದೊಡ್ಡ ಕಾದಂಬರಿಯನ್ನು ಮುಗಿಸಿದ ಮೇಲೆ ಮುಂದಿನ ಸೀಸನ್‌ಗಳ ಸುದ್ದಿ ಹೊರಬಂತು, ಸರಣಿ ಎಮ್ಮಿಯಲ್ಲಿ ಡ್ರಾಮಾ ವಿಭಾಗಕ್ಕೆ ಜಿಗಿಯಿತು. ಅಂದರೆ ಲಿಮಿಟೆಡ್ ಎಂಬುದು ಕಲ್ಲಿನ ಮೇಲೆ ಕೆತ್ತಿದ ಮಾತಲ್ಲ. ಆದರೆ ಹೀಗೆ ತಿರುಗಿ ಬರಲು ತಾರೆಯರೇ ಮನಸ್ಸು ಮಾಡಬೇಕು, ಹಣ ಹಾಕುವವರ ಕೈ ಧಾರಾಳವಾಗಿರಬೇಕು. ಎರಡೂ ಒಟ್ಟಿಗೆ ಒದಗುವುದು ಅಪರೂಪ.

ನೋಡುತ್ತಿರುವಾಗಲೇ ಇದನ್ನು ಗುರುತಿಸಬಹುದು. ಕೊನೆಯ ಕಂತಿನ ಕೊನೆಯ ಹತ್ತು ನಿಮಿಷವನ್ನು ಗಮನವಿಟ್ಟು ನೋಡಿ. ಅಲ್ಲಿಯವರೆಗೆ ಕಾಣದ ಹೊಸ ಮುಖವೊಂದು ಬಂದರೆ, ಯಾರಿಗೋ ಫೋನ್ ಬಂದು ದೃಶ್ಯ ತಟ್ಟನೆ ಕಡಿದರೆ, ಆಪ್ಷನ್ ಷರತ್ತು ಜೀವಂತ ಇದೆ ಎಂದೇ ತಿಳಿಯಿರಿ. ನಿಜವಾದ ವ್ಯಕ್ತಿಗಳ ಫೋಟೋ ಬಂದು, ಯಾರಿಗೆ ಎಷ್ಟು ಶಿಕ್ಷೆಯಾಯಿತು, ಯಾರು ಯಾವಾಗ ತೀರಿಕೊಂಡರು ಎಂದು ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ ಮೂಡಿದರೆ ಬರಹಗಾರರು ಎಂಜಿನ್ ಆಫ್ ಮಾಡಿ ಕೀಲಿಕೈ ಕೊಟ್ಟು ಹೋಗಿದ್ದಾರೆ. ಎರಡರ ನಡುವೆ ಎಡಬಿಡಂಗಿಯಾಗಿ ಮುಗಿಯುವವೇ ಹೆಚ್ಚು ಕಾಡುವುದು: ಮುಖ್ಯ ಪ್ರಶ್ನೆಗೆ ಉತ್ತರ ಸಿಕ್ಕಿರುತ್ತದೆ, ಆದರೆ ಒಂದು ಪಾತ್ರದ ಗತಿ ಹೇಳಿರುವುದಿಲ್ಲ. ಲಿಮಿಟೆಡ್ ಎಂದು ಮಾರಿ, ಗೆದ್ದರೆ ನೋಡೋಣ ಎಂದು ಹಿಂಬಾಗಿಲನ್ನು ತುಸು ತೆರೆದಿಟ್ಟ ಸರಣಿಗಳು ಅವು.