ಕಾಲವಲಯ ಎಂದರೆ ಗಂಟೆಗಳ ಅಂತರವಲ್ಲ

ತೀರ್ಥಹಳ್ಳಿಯ ಹತ್ತಿರವಿರುವ ನಮ್ಮ ತೋಟದ ಅಡಿಕೆಯನ್ನು ಚೇಣಿಗೆ ಕೊಡುವುದೋ, ನಾವೇ ಕೊಯ್ಲು ಮಾಡಿಸುವುದೋ ಎಂಬಂಥ ವಿಷಯಗಳನ್ನು ತೀರ್ಮಾನಿಸಲು ಮನೆಯವರೆಲ್ಲ ಆಗಾಗ ಶನಿವಾರ ಫೋನಿನಲ್ಲಿ ಸೇರುತ್ತೇವೆ. ತಂಗಿ ನ್ಯೂಜೆರ್ಸಿಯಲ್ಲಿ, ಅಣ್ಣನ ಮಗ ಡಬ್ಲಿನ್ನಿನಲ್ಲಿ, ಚಿಕ್ಕಪ್ಪನ ಮಗಳು ಸಿಡ್ನಿಯಲ್ಲಿ ಕೆಲಸದಲ್ಲಿದ್ದಾರೆ. ಯಾರಿಗೆ ಎಷ್ಟು ಗಂಟೆ ಎಂದು ತಿಳಿಸುವ ಕೋಷ್ಟಕವೊಂದು ಮನೆಯ ವಾಟ್ಸಾಪ್ ಗುಂಪಿನಲ್ಲಿ ಬಹಳ ಕಾಲದಿಂದ ಓಡಾಡುತ್ತಿತ್ತು. ಅದರಲ್ಲಿ ನ್ಯೂಜೆರ್ಸಿಯ ಮುಂದೆ ‘ಕಾಲವಲಯ: ಹತ್ತೂವರೆ ಗಂಟೆ ಹಿಂದೆ’ ಎಂದು ಬರೆದಿತ್ತು. ಇದೇ ತಪ್ಪನ್ನು ಬೇರೆ ಮನೆಗಳ ಕೋಷ್ಟಕಗಳಲ್ಲಿಯೂ ಕಂಡಿದ್ದೇನೆ. ಹತ್ತೂವರೆ ಗಂಟೆ ಎಂಬುದು ಕಾಲವಲಯವಲ್ಲ. ಅದು ಒಂದು ಕಾಲವಲಯಕ್ಕೂ ನಮಗೂ ವರ್ಷದ ಕೆಲವು ತಿಂಗಳು ಮಾತ್ರ ಇರುವ ಅಂತರ.

ಪದದ ಮೂಲವನ್ನು ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಇಂಗ್ಲಿಷಿನ ‘ಝೋನ್’ ಗ್ರೀಕ್ ಭಾಷೆಯಿಂದ ಬಂದದ್ದು, ಅಲ್ಲಿ ಅದಕ್ಕೆ ಸೊಂಟಪಟ್ಟಿ ಎಂದರ್ಥ. ನಮ್ಮ ಮಾತಿನಲ್ಲಿ ಒಡ್ಯಾಣ. ಅದಕ್ಕೆ ನಾವು ಆರಿಸಿಕೊಂಡ ‘ವಲಯ’ವೆಂಬ ಸಂಸ್ಕೃತ ಪದಕ್ಕೂ ಬಳೆ, ಸುತ್ತು ಎಂಬ ಅರ್ಥಗಳಿವೆ. ಎರಡೂ ಹೇಳುವುದು ಒಂದು ಜಾಗವನ್ನು ಸುತ್ತುವರಿದ ಎಲ್ಲೆಯನ್ನು. ಎರಡರಲ್ಲಿಯೂ ಸಂಖ್ಯೆಯ ಸುಳಿವಿಲ್ಲ. ಒಂದೇ ಗಡಿಯಾರದ ನಿಯಮವನ್ನು ಒಪ್ಪಿಕೊಂಡಿರುವ ಪ್ರದೇಶವೇ ಕಾಲವಲಯ.

ಸಂಖ್ಯೆಗೆ ನಮ್ಮಲ್ಲಿ ಹಳೆಯ ಪದವೇ ಇದೆ: ಅಂತರ. ಪಂಚಾಂಗ ಗಣಿತದಲ್ಲಿ ‘ದೇಶಾಂತರ’ ಎಂದರೆ ಪರದೇಶವಲ್ಲ, ಉಜ್ಜಯಿನಿಯ ಮೂಲಕ ಹಾದುಹೋಗುವ ಮಧ್ಯರೇಖೆಯಿಂದ ಒಂದು ಊರು ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಇದೆಯೋ ಅದರಿಂದ ಬರುವ ವ್ಯತ್ಯಾಸ. ಅದು ಸೂರ್ಯನನ್ನು ನಂಬಿದ ಲೆಕ್ಕ. ಕಾಲವಲಯ ಹಾಗಲ್ಲ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಶಿವಮೊಗ್ಗ ಇರುವುದು ಸುಮಾರು 75.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮ ಊರಿನ ಸೌರ ಸಮಯ ಕೈಗಡಿಯಾರಕ್ಕಿಂತ ಸುಮಾರು 28 ನಿಮಿಷ ಹಿಂದಿದೆ. ಆದರೂ ನಾವು ದೇಶದ ಗಡಿಯಾರವನ್ನೇ ಪಾಲಿಸುತ್ತೇವೆ, ಏಕೆಂದರೆ ವಲಯವು ಒಪ್ಪಂದ ಮತ್ತು ಕಾನೂನಿನ ವಿಷಯ. ಸೂರ್ಯನ ದಾರಿ ಬದಲಾಗದಿದ್ದರೂ ಕಾನೂನು ಅಂತರವನ್ನು ಬದಲಾಯಿಸಬಲ್ಲದು, ಮತ್ತು ನಮ್ಮ ಬಂಧುಗಳಿರುವ ಮೂರೂ ಕಡೆ ಅದು ವರ್ಷಕ್ಕೆ ಎರಡು ಸಲ ಬದಲಾಗುತ್ತದೆ.

ಕೋಷ್ಟಕ ಕೆಡುವುದು ಇಲ್ಲಿಯೇ. ಅಮೆರಿಕದಲ್ಲಿ ಗಡಿಯಾರವನ್ನು ಮಾರ್ಚ್ ತಿಂಗಳ ಎರಡನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್ ತಿಂಗಳ ಮೊದಲನೆಯ ಭಾನುವಾರ ಹಿಂದಕ್ಕೆ ತರುತ್ತಾರೆ. ಐರ್ಲೆಂಡಿನಲ್ಲಿ ಈ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ಆಗುತ್ತದೆ. ಸಿಡ್ನಿಯಲ್ಲಿ ಋತುಗಳು ತಿರುವುಮುರುವಾಗಿರುವುದರಿಂದ ಗಡಿಯಾರ ಅಕ್ಟೋಬರಿನ ಮೊದಲನೆಯ ಭಾನುವಾರ ಮುಂದಕ್ಕೆ ಹೋಗಿ, ಏಪ್ರಿಲ್ ತಿಂಗಳ ಮೊದಲನೆಯ ಭಾನುವಾರ ಹಿಂದಕ್ಕೆ ಬರುತ್ತದೆ. ಭಾರತದಲ್ಲಿ ಬದಲಾವಣೆಯೇ ಇಲ್ಲ. ಆದ್ದರಿಂದ ನಮ್ಮ ಸಮಯವನ್ನು ಗೂಟದಂತೆ ನಿಲ್ಲಿಸಿ ಉಳಿದವರ ಸಮಯ ಹೇಗೆ ಸರಿಯುತ್ತದೆಂದು ನೋಡುವುದು ಸರಿಯಾದ ಕ್ರಮ. ನಮ್ಮ ಮನೆಯಲ್ಲಿ ಆ ಗೂಟ ಸಂಜೆ 4:30. ಆ ಹೊತ್ತಿಗೆ ಕಾಫಿ ಮುಗಿದಿರುತ್ತದೆ, ಕೊಟ್ಟಿಗೆಯ ಕೆಲಸ ಇನ್ನೂ ಶುರುವಾಗಿರುವುದಿಲ್ಲ. 2026ರ ಕೆಲವು ಶನಿವಾರಗಳನ್ನು ನೋಡಿ.

| ದಿನಾಂಕ | ತೀರ್ಥಹಳ್ಳಿ | ನ್ಯೂಜೆರ್ಸಿ | ಡಬ್ಲಿನ್ | ಸಿಡ್ನಿ |
|---|---|---|---|---|
| ಫೆಬ್ರವರಿ 14 | ಸಂಜೆ 4:30 | ಬೆಳಿಗ್ಗೆ 6 | ಬೆಳಿಗ್ಗೆ 11 | ರಾತ್ರಿ 10 |
| ಮಾರ್ಚ್ 14 | ಸಂಜೆ 4:30 | ಬೆಳಿಗ್ಗೆ 7 | ಬೆಳಿಗ್ಗೆ 11 | ರಾತ್ರಿ 10 |
| ಏಪ್ರಿಲ್ 11 | ಸಂಜೆ 4:30 | ಬೆಳಿಗ್ಗೆ 7 | ಮಧ್ಯಾಹ್ನ 12 | ರಾತ್ರಿ 9 |
| ಅಕ್ಟೋಬರ್ 31 | ಸಂಜೆ 4:30 | ಬೆಳಿಗ್ಗೆ 7 | ಬೆಳಿಗ್ಗೆ 11 | ರಾತ್ರಿ 10 |
| ನವೆಂಬರ್ 7 | ಸಂಜೆ 4:30 | ಬೆಳಿಗ್ಗೆ 6 | ಬೆಳಿಗ್ಗೆ 11 | ರಾತ್ರಿ 10 |

ನ್ಯೂಜೆರ್ಸಿಗೂ ಸಿಡ್ನಿಗೂ ಫೆಬ್ರವರಿಯಲ್ಲಿ 16 ಗಂಟೆ, ಮಾರ್ಚ್ ಮಧ್ಯದಲ್ಲಿ 15, ಏಪ್ರಿಲಿನಲ್ಲಿ 14 ಗಂಟೆಗಳ ಅಂತರವಿರುತ್ತದೆ. ಎಲ್ಲರಿಗೂ ಅನುಕೂಲವಾದ ಹೊತ್ತು ಸಿಗುವುದು ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಮಾತ್ರ. ಉಳಿದ ತಿಂಗಳುಗಳಲ್ಲಿ ಒಬ್ಬರು ಬೇಗ ಏಳಬೇಕು ಅಥವಾ ಇನ್ನೊಬ್ಬರು ತಡವಾಗಿ ಮಲಗಬೇಕು. ದೀರ್ಘವಾಗಿ ಚರ್ಚಿಸಬೇಕಾದ ವಿಷಯಗಳನ್ನು ನಾವು ಆ ಆರು ತಿಂಗಳಿಗೇ ಇಟ್ಟುಕೊಳ್ಳುತ್ತೇವೆ.

ಫೆಬ್ರವರಿಯಲ್ಲಿ ಮಾಡಿದ ಕೋಷ್ಟಕದ ಚಿತ್ರವನ್ನೇ ಮಾರ್ಚಿನಲ್ಲಿ ನಂಬಿದ್ದರಿಂದ ತಂಗಿ ಒಮ್ಮೆ ತನ್ನ ಗಡಿಯಾರದ ಆರು ಗಂಟೆಗೆ ಎದ್ದು ಕಾಯುತ್ತಾ ಕುಳಿತಿದ್ದಳು. ಇಲ್ಲಿ ಆಗ ಮೂರೂವರೆ; ಅಮ್ಮ ಇನ್ನೂ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಕೋಷ್ಟಕದ ಒಳಗಿದ್ದ ಸೂತ್ರವೂ ಇಂಥದ್ದೇ ಆಗಿತ್ತು:

```
=B2-TIME(10,30,0)
```

ಇದರಲ್ಲಿ ವಲಯವಿಲ್ಲ, ಚಳಿಗಾಲದ ಒಂದು ಅಂತರವನ್ನು ಮಾತ್ರ ಗಟ್ಟಿಮಾಡಿ ಇಡಲಾಗಿದೆ. ಮಾರ್ಚ್ ಬಂದದ್ದು ಇದಕ್ಕೆ ತಿಳಿಯುವುದಿಲ್ಲ. ನಿಮ್ಮ ಮನೆಯ ಕೋಷ್ಟಕ ಸರಿಯಿದೆಯೇ ಎಂದು ನೋಡಲು ಅದರಲ್ಲಿ ಜನವರಿಯ ಒಂದು ದಿನವನ್ನೂ ಜುಲೈ ತಿಂಗಳ ಒಂದು ದಿನವನ್ನೂ ಹಾಕಿರಿ. ನ್ಯೂಜೆರ್ಸಿಯ ಸಮಯ ಎರಡರಲ್ಲಿಯೂ ಒಂದೇ ಬಂದರೆ ಅದು ಅಂತರದ ಕೋಷ್ಟಕ, ಕಾಲವಲಯದ ಕೋಷ್ಟಕವಲ್ಲ.

ಮೂರಕ್ಷರದ ಸಂಕ್ಷೇಪಗಳು ಇದಕ್ಕಿಂತ ಹೆಚ್ಚು ತೊಂದರೆ ಕೊಡುತ್ತವೆ. ಅಮೆರಿಕದಲ್ಲಿರುವವರು ವರ್ಷವಿಡೀ EST ಎಂದು ಬರೆಯುತ್ತಾರೆ, ಆದರೆ ಅದು ಚಳಿಗಾಲದ ಸಮಯದ ಹೆಸರು; ಬೇಸಿಗೆಯಲ್ಲಿ ಅವರ ಗಡಿಯಾರ ತೋರಿಸುವುದು EDT. ಜುಲೈ ತಿಂಗಳಲ್ಲಿ EST 7 ಎಂದು ಬರೆದದ್ದನ್ನು ಅಕ್ಷರಶಃ ಓದಿದವರಿಗೆ ನಮ್ಮ ಸಮಯ ಸಂಜೆ 5:30 ಎಂದಾಗುತ್ತದೆ, ಬರೆದವರ ಮನಸ್ಸಿನಲ್ಲಿರುವುದು 4:30. ಇನ್ನು IST ಎಂಬುದನ್ನು ನಾವು ನಮ್ಮದೇ ಎಂದುಕೊಂಡಿದ್ದೇವೆ. ಆದರೆ ಐರ್ಲೆಂಡಿನ ಕಾನೂನಿನಲ್ಲಿ ಬೇಸಿಗೆಯ ಗಡಿಯಾರವೇ ಅಧಿಕೃತ ಪ್ರಮಾಣ ಸಮಯ, ಅದರ ಸಂಕ್ಷೇಪವೂ IST. ಇಸ್ರೇಲಿನ ಪ್ರಮಾಣ ಸಮಯಕ್ಕೂ ಅದೇ ಮೂರಕ್ಷರ. ಏಪ್ರಿಲಿನ ಒಂದು ಶನಿವಾರ ಗುಂಪಿನಲ್ಲಿದ್ದ ‘IST 4:30’ ಎಂಬುದನ್ನು ಅಣ್ಣನ ಮಗ ತನ್ನೂರಿನ ಸಮಯವೆಂದು ಓದಿದ. ಡಬ್ಲಿನ್ನಿನ ನಾಲ್ಕೂವರೆ ಎಂದರೆ ಇಲ್ಲಿ ರಾತ್ರಿ ಒಂಬತ್ತು. ಅವನ ತಪ್ಪೇನೂ ಇರಲಿಲ್ಲ, ಅವನ ದೇಶದಲ್ಲಿ ಆ ಅಕ್ಷರಗಳಿಗೆ ಅದೇ ಅರ್ಥ.

ಗೊಂದಲಕ್ಕೆ ಎಡೆಯಿಲ್ಲದ ಹೆಸರುಗಳು ಈಗಾಗಲೇ ಇವೆ. ಕಂಪ್ಯೂಟರುಗಳೂ ಫೋನುಗಳೂ ಬಳಸುವ ಸಮಯದ ಪಟ್ಟಿಯಲ್ಲಿ ವಲಯವನ್ನು ಒಂದು ಪ್ರಮುಖ ನಗರದ ಹೆಸರಿನಿಂದ ಗುರುತಿಸುತ್ತಾರೆ: ನಮ್ಮದು Asia/Kolkata, ತಂಗಿಯದು America/New_York, ಉಳಿದವರದು Europe/Dublin ಮತ್ತು Australia/Sydney. ನ್ಯೂಜೆರ್ಸಿಯವರಿಗೆ ನ್ಯೂಯಾರ್ಕಿನ ಹೆಸರೇಕೆ ಎಂದು ತಂಗಿ ಕೇಳಿದಳು. ಎರಡೂ ಕಡೆ ಗಡಿಯಾರದ ನಿಯಮ ಒಂದೇ ಆಗಿರುವುದರಿಂದ ಒಂದು ಹೆಸರು ಸಾಕು. ಆಸ್ಟ್ರೇಲಿಯದಲ್ಲಿಯೇ ಇರುವ ಬ್ರಿಸ್ಬೇನ್ ನಗರ ಗಡಿಯಾರವನ್ನು ಬದಲಾಯಿಸುವುದಿಲ್ಲ, ಹಾಗಾಗಿ ಅದಕ್ಕೆ ಪಟ್ಟಿಯಲ್ಲಿ ಬೇರೆಯೇ ಹೆಸರಿದೆ.

ಈಗ ನಮ್ಮ ಕೋಷ್ಟಕದ ಪ್ರತಿ ಕಾಲಮಿನ ನೆತ್ತಿಯ ಮೇಲೆ ಈ ನಗರದ ಹೆಸರಿದೆ, ಪ್ರತಿ ಸಾಲಿನಲ್ಲಿ ದಿನಾಂಕವಿದೆ, ‘ಹತ್ತೂವರೆ ಗಂಟೆ ಹಿಂದೆ’ ಎಂಬ ಬರಹವನ್ನು ಅಳಿಸಲಾಗಿದೆ. ಸಂಜೆ 4:30ರ ಬದಲು ರಾತ್ರಿ ಎಂಟಕ್ಕೆ ಸೇರುವುದಾದರೆ ಸಿಡ್ನಿಯಲ್ಲಿ ಭಾನುವಾರವಾಗಿರುತ್ತದೆ, ಆದ್ದರಿಂದ ವಾರದ ಹೆಸರನ್ನೂ ಬರೆಯುತ್ತೇವೆ. ಮೆಕ್ಸಿಕೊ 2022ರಲ್ಲಿ ದೇಶದ ಬಹುಭಾಗದಲ್ಲಿ ಬೇಸಿಗೆ ಸಮಯವನ್ನೇ ರದ್ದುಮಾಡಿದಂತೆ ಯಾವ ದೇಶವಾದರೂ ತನ್ನ ನಿಯಮವನ್ನು ಬದಲಿಸಬಹುದು. ಆಗ ವಲಯದ ಹೆಸರು ಹಾಗೆಯೇ ಉಳಿಯುತ್ತದೆ, ಫೋನಿನ ತಂತ್ರಾಂಶ ಹೊಸದಾದ ಕೂಡಲೇ ಅದರ ಹಿಂದಿನ ಅಂತರ ತಾನಾಗಿ ತಿದ್ದಿಕೊಳ್ಳುತ್ತದೆ; ಚಿತ್ರವಾಗಿ ಕಳುಹಿಸಿಟ್ಟ ಹಳೆಯ ಕೋಷ್ಟಕ ಮಾತ್ರ ತಿದ್ದಿಕೊಳ್ಳುವುದಿಲ್ಲ.